ಎದ್ದು ಹೋಗಲು ಅಪ್ಪಣೆ ಬೇಕಿಲ್ಲ

ಹಳ್ಳಿ ಮಕ್ಕಳಿಗೆ ಒಂದು ಭಾನುವಾರ ಆಟ ಆಡಿಸಿ ಬರುವುದೆಂದರೆ ಅದೇನು ಮಹಾ ಅಂತ ಕಾಲೇಜು ಹುಡುಗರು ತಿಳಿದಿರುತ್ತಾರೆ. ಹೋದರಾಯಿತು, ಎರಡು ಹಾಡು ಹೇಳಿಸಿದರಾಯಿತು, ಚಾಕಲೇಟು ಹಂಚಿ ಫೋಟೊ ಹೊಡೆದುಕೊಂಡು ಬಂದರಾಯಿತು! ಹಾಗೆ ಹೋದವರೆಲ್ಲ ಅರ್ಧ ಗಂಟೆಯಲ್ಲಿ ಗಂಟಲು ಹರಿದುಕೊಂಡು, ಮುಂದೇನು ಮಾಡಿಸಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತದ್ದನ್ನು ಪೂಜಿತಾ ಕಣ್ಣಾರೆ ಕಂಡಿದ್ದಳು. ಅದಕ್ಕೇ ಈ ಸಲ ಹೊಸಬರಿಗಾಗಿ ಸೂಚನೆಗಳನ್ನು ಬರೆಯೋಣ ಎಂದು ಶಾಂಭವಿ ಹೇಳಿದಾಗ ಅವಳಷ್ಟು ಖುಷಿಪಟ್ಟವರು ಇನ್ನೊಬ್ಬರಿರಲಿಲ್ಲ.

ಶಾಂಭವಿ ಬಳ್ಳಾರಿಯ ಬ್ರೂಸ್‌ಪೇಟೆಯ ಹುಡುಗಿ, ಪದವಿಯ ಕೊನೇ ವರ್ಷದವಳು, ಕಾಲೇಜಿನ ಸ್ವಯಂಸೇವಕರ ತಂಡಕ್ಕೆ ನಾಯಕಿ. ಮಾತಿಗೆ ನಿಂತರೆ ಇಡೀ ಕ್ಲಾಸು ಬಾಯಿ ತೆರೆದುಕೊಂಡು ಕೇಳಬೇಕು, ಅಂಥವಳು. ಪೂಜಿತಾ ಎರಡನೇ ವರ್ಷದವಳು, ಸಿರುಗುಪ್ಪ ತಾಲೂಕಿನ ದೇಶನೂರಿನಿಂದ ಬಂದು ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳ ತಾಯಿ ಹನುಮಮ್ಮ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿನವಳು. ಮೊದಮೊದಲು ಪೂಜಿತಾ ಶಾಂಭವಿಯನ್ನು ‘ನೀವು’ ಅನ್ನುತ್ತಿದ್ದಳು. ಒಂದು ದಿನ ಶಾಂಭವಿಯೇ ಅವಳ ಕಿವಿ ಹಿಂಡಿ, ‘ಅಕ್ಕಾ ಅಂತೀದಿ, ಮತ್ತ ನೀವು ಅಂತೀದಿ. ಒಂದಾರ ಬಿಡು’ ಅಂದಿದ್ದಳು. ಅವತ್ತಿನಿಂದ ‘ನೀನು’ ಆಯಿತು. ಹಾಸ್ಟೆಲಿನ ಹುಡುಗಿಯೊಬ್ಬಳಿಗೆ ಊರಲ್ಲದ ಊರಿನಲ್ಲಿ ಅಂಥದೊಂದು ‘ನೀನು’ ಸಿಕ್ಕುವುದು ಸಣ್ಣ ಮಾತಲ್ಲ.

ಇಬ್ಬರೂ ಕೂಡಿ ಕ್ಲಾಸು ಬಿಟ್ಟ ಮೇಲೆ ಕಾಲೇಜಿನ ಮೆಟ್ಟಿಲ ಮೇಲೆ ಕೂತು ಬರೆದರು. ಮಕ್ಕಳಿಗಿಂತ ಮುಂಚೆ ನೀವು ಶಾಲೆ ಮುಟ್ಟಬೇಕು. ನೆರಳು ಎಲ್ಲಿ ಬೀಳುತ್ತದೆ, ಕುಡಿಯುವ ನೀರು ಎಲ್ಲಿದೆ, ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ನೋಡಿಕೊಳ್ಳಬೇಕು. ಮಕ್ಕಳನ್ನು ಸಾಲಾಗಿ ಕೂರಿಸಬೇಡಿ, ಸುತ್ತು ಕೂರಿಸಿ, ನೀವೂ ನೆಲದ ಮೇಲೆಯೇ ಕೂರಿ. ಮೊದಲು ನಿಮ್ಮ ಹೆಸರು ಹೇಳಿ, ಆಮೇಲೆ ಅವರ ಹೆಸರು ಕೇಳಿ. ಅಪ್ಪ ಏನು ಮಾಡುತ್ತಾನೆ ಎಂದು ಮಾತ್ರ ಕೇಳಬೇಡಿ. ‘ಅದ್ಯಾಕ?’ ಎಂದು ಶಾಂಭವಿ ಕೇಳಿದಳು. ‘ಅಪ್ಪ ಇಲ್ಲದವ್ರು ಇರ್ತಾರ, ಕುಡುದು ಬಿದ್ದಿರೋ ಅಪ್ಪಂದಿರೂ ಇರ್ತಾರ. ಎಲ್ಲಾರ ಮುಂದ ಆ ಕೂಸು ಏನಂತ ಹೇಳಬೇಕು?’ ಎಂದಳು ಪೂಜಿತಾ. ಶಾಂಭವಿ ತಲೆದೂಗಿ ಬರೆದುಕೊಂಡಳು.

ಸೋತವರು ಹೊರಗೆ ಕೂರುವ ಆಟ ಬೇಡ. ಆಟ ಹೆಚ್ಚು ಬೇಕಾಗಿದ್ದ ಮಗುವೇ ಮೊದಲು ಹೊರಗೆ ಬೀಳುತ್ತದೆ. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳೂ ಇರುತ್ತಾರೆ, ಆದ್ದರಿಂದ ವಿವರಿಸುತ್ತ ನಿಲ್ಲಬೇಡಿ, ಆಡಿ ತೋರಿಸಿ. ಓಡುವ ಆಟ ಒಂದು, ಕೂತು ಮಾಡುವ ಕೆಲಸ ಒಂದು, ಹೊತ್ತು ಉಳಿದರೆ ಆಡಿಸಲು ಮಿಗಿಸಿಟ್ಟದ್ದು ಒಂದು ಇರಲಿ. ಮಕ್ಕಳಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಿ. ಒಬ್ಬ ಸ್ವಯಂಸೇವಕ ಒಂದು ಮಗುವಿನ ಜೊತೆ ಒಂಟಿಯಾಗಿ ಎಲ್ಲೂ ಇರಬಾರದು. ತಂದೆತಾಯಿ ಒಪ್ಪದೆ ಫೋಟೊ ಇಲ್ಲ. ಖಚಿತವಿಲ್ಲದಿದ್ದರೆ ‘ಮತ್ತೆ ಬರ್ತೀವಿ’ ಎಂದು ಹೇಳಬೇಡಿ, ಅವರು ನಿಜವಾಗಿ ಕಾಯುತ್ತಾರೆ.

ಮುಂದಿನದನ್ನು ಪೂಜಿತಾ ತಾನೇ ಬರೆದಳು. ಆಟಕ್ಕೆ ಮುಂಚೆಯೇ ಶೌಚಾಲಯ ಎಲ್ಲಿದೆ ಎಂದು ಎಲ್ಲ ಮಕ್ಕಳನ್ನೂ ಕರೆದೊಯ್ದು ತೋರಿಸಿ. ಎದ್ದು ಹೋಗಲು ಯಾರೂ ಅಪ್ಪಣೆ ಕೇಳಬೇಕಾಗಿಲ್ಲ ಎಂದು ಹೇಳಿ. ಜೊತೆಗೊಬ್ಬರ ಕೈ ಹಿಡಿದುಕೊಂಡು ಹೋಗಲಿ, ಬಾಗಿಲಲ್ಲಿ ನಿಮ್ಮವರೊಬ್ಬರು ನಿಂತು ಹೋದವರು ಬಂದರೇ ಎಂದು ನೋಡಿಕೊಳ್ಳಲಿ.

ಶಾಂಭವಿ ನಕ್ಕಳು. ‘ಇದನ್ನೂ ಬರೀಬೇಕೇನಲೇ? ಕಾಲೇಜಿನವ್ರಿಗೆ ಇಷ್ಟು ತಿಳಿಯಂಗಿಲ್ಲೇನು? ತಗದು ಹಾಕು.’

‘ತಗಿಯಂಗಿಲ್ಲ.’

‘ಯಾಕ?’

ಪೂಜಿತಾ ಸುಮ್ಮನಿದ್ದಳು. ಸುಮ್ಮನೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಎದುರಿಗೆ ಕೂತವಳು ಅಕ್ಕ ತಾನೆ! ಅವಳು ಬಾಯಿಬಿಟ್ಟಳು.

ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಊರಿನ ಶಾಲೆಗೂ ಹೀಗೇ ಯಾವುದೋ ಊರಿನಿಂದ ಅಣ್ಣಂದಿರು ಅಕ್ಕಂದಿರು ಬಂದಿದ್ದರು. ಗೊಂಬೆಯ ಹಾಗೆ ನಿಲ್ಲುವ ಆಟ. ಅಲುಗಿದವರು ಔಟು. ಪೂಜಿತಾಗೆ ಅವಸರವಾಗಿತ್ತು, ಕಿರುಬೆರಳು ಎತ್ತಿದಳು. ‘ಆಟ ಮುಗೀಲಿ ತಡಿ’ ಎಂದಳು ಆ ಅಕ್ಕ. ಒಳ್ಳೆಯ ಹುಡುಗಿ ಅನ್ನಿಸಿಕೊಳ್ಳಬೇಕೆಂದು ಪೂಜಿತಾ ಅಲುಗದೆ ನಿಂತಳು, ಎಲ್ಲರಿಗಿಂತ ಕೊನೆಗೆ ಉಳಿದಳು, ನಿಂತಲ್ಲೇ ಆಗಿಹೋಯಿತು. ಮೊದಲು ನಕ್ಕದ್ದು ಆ ಅಕ್ಕನೇ. ಆಮೇಲೆ ಇಡೀ ಸುತ್ತು ನಕ್ಕಿತು. ‘ತೂಬು ಒಡೀತಲೇ!’ ಎಂದು ಯಾವನೋ ಕೂಗಿದ. ಕಾಲುವೆಯಿಂದ ಗದ್ದೆಗೆ ನೀರು ಬಿಡುವ ತೂಬು ಆ ಊರಿನ ಮಕ್ಕಳಿಗೆಲ್ಲ ಗೊತ್ತು, ಹೆಸರು ಅಂಟಿಕೊಳ್ಳಲು ಎಷ್ಟು ಹೊತ್ತು? ಅವತ್ತಿನಿಂದ ಅವಳು ತೂಬು. ಅಂಗಡಿಗೆ ಹೋದರೆ ತೂಬು, ಗದ್ದೆಗೆ ಹೋದರೆ ‘ಏನವ್ವಾ ತೂಬು, ನೀರು ಬಂತೇನು?’ ಹನುಮಮ್ಮ ಎಷ್ಟು ಜನರ ಮನೆ ಬಾಗಿಲಿಗೆ ಹೋಗಿ ಜಗಳಾಡಿ ಬಂದಳೋ. ಸಿರುಗುಪ್ಪದ ಹೈಸ್ಕೂಲಿಗೂ ಆ ಹೆಸರು ಬಸ್ಸು ಹತ್ತಿಕೊಂಡು ಬಂತು. ಬಳ್ಳಾರಿಗೆ ಬಂದ ಮೇಲೆಯೇ ಅವಳು ಬರೀ ಪೂಜಿತಾ ಆದದ್ದು. ಈಗೀಗ ಊರಲ್ಲೂ ಆ ಮಾತು ಸತ್ತುಹೋಗಿತ್ತು.

ಕೇಳುತ್ತ ಶಾಂಭವಿಯ ಕಣ್ಣು ತುಂಬಿತು. ಪೂಜಿತಾಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ತನ್ನದೂ ಒಂದು ಹೇಳಿದಳು, ಮನೆಯವರಿಗೂ ಗೊತ್ತಿಲ್ಲದ್ದು. ಅದೇನೆಂದು ನಾನು ಇಲ್ಲಿ ಬರೆಯುವುದಿಲ್ಲ. ಹೇಳಬಾರದೆಂದು ಹೇಳಿದ ಮಾತು ಅದು.

ಕೊನೆಯ ಸೂಚನೆಯನ್ನು ಶಾಂಭವಿ ಅವತ್ತೇ, ಅದೇ ಮೆಟ್ಟಿಲ ಮೇಲೆ ಬರೆದಳು: ಮಗು ನಿಮ್ಮನ್ನು ನಂಬಿ ಹೇಳಿದ್ದು ನಿಮ್ಮಲ್ಲೇ ಇರಲಿ. ಮಗುವಿಗೆ ಅಪಾಯವಿದೆ ಅನ್ನಿಸಿದರೆ ತಡಮಾಡದೆ ತಂಡದ ಸರ್‌ಗೆ ಮಾತ್ರ ತಿಳಿಸಿ. ಉಳಿದಂತೆ ಅದನ್ನು ಕತೆ ಮಾಡಿ ಎಲ್ಲೂ ಹೇಳಬೇಡಿ. ಎಷ್ಟು ಚೆನ್ನಾಗಿ ಬರೆದಿದ್ದಳು ಅಂತೀರಿ! ಪೂಜಿತಾ ಅದನ್ನು ಎರಡೆರಡು ಸಲ ಓದಿದ್ದಳು.

ಮೊದಲ ಭಾನುವಾರಕ್ಕೆ ಎರಡು ತಂಡ ಎಂದಾಯಿತು. ಒಂದು ಕುರುಗೋಡಿನ ಕಡೆಯ ಹಳ್ಳಿಗೆ, ಇನ್ನೊಂದು ದೇಶನೂರಿಗೆ. ದೇಶನೂರಿನದನ್ನು ಪೂಜಿತಾಳೇ ನಡೆಸಬೇಕೆಂದು ತಂಡ ನೋಡಿಕೊಳ್ಳುವ ಚನ್ನಬಸವರಾಜ ಸರ್ ಹೇಳಿದರು. ಅವಳು ಹಾಸ್ಟೆಲಿನ ಟೆರೇಸು ಹತ್ತಿ ತಾಯಿಗೆ ಫೋನು ಮಾಡಿದಳು. ಅದೇ ಶಾಲೆ, ಅದೇ ಅಂಗಳ! ಅಲ್ಲಿ ನಗೆಪಾಟಲಾದವಳು ಅಲ್ಲೇ ಅಕ್ಕನಾಗಿ ನಿಲ್ಲುವುದೆಂದರೆ ಅವಳಿಗೆ ಮತ್ತೇನೂ ಬೇಕಿರಲಿಲ್ಲ. ‘ಅವತ್ತು ನಾಟಿಗೆ ಹೋಗಂಗಿಲ್ಲ ನಾನು’ ಎಂದಳು ಹನುಮಮ್ಮ. ‘ಗುಂಪಿನ ಹೆಂಗಸರಿಗೆಲ್ಲ ಹೇಳ್ತೀನಿ. ಬಂದು ನೋಡ್ಲಿ, ನನ್ನ ಮಗಳು ಏನಾಗ್ಯಾಳಂತ.’

ಹಿಂದಿನ ದಿನ ಶನಿವಾರ ಮಧ್ಯಾಹ್ನ ಕಾಲೇಜಿನ ದೊಡ್ಡ ಕೋಣೆಯಲ್ಲಿ ಹೊಸ ಸ್ವಯಂಸೇವಕರಿಗೆ ಸೂಚನೆಗಳನ್ನು ಹೇಳುವ ಸಭೆ. ಚನ್ನಬಸವರಾಜ ಸರ್‌ಗೆ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂದು ಅವರು ಹೋಗಿದ್ದರು. ಪೂಜಿತಾ ಹಾಳೆ ಹಂಚಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಶಾಂಭವಿ ಒಂದೊಂದೇ ಓದಿ ವಿವರಿಸುತ್ತಿದ್ದಳು. ಊಟವಾಗಿ ಬಂದ ಹುಡುಗರು, ಅರ್ಧ ಜನ ಆಕಳಿಸುತ್ತಿದ್ದರು. ಶೌಚಾಲಯದ ಸೂಚನೆ ಬಂತು ನೋಡಿ, ಕುರುಗೋಡಿನ ಗವಿಸಿದ್ದೇಶ್ ಎಂಬ ಹುಡುಗ ಎದ್ದು ನಿಂತು ಕಿರುಬೆರಳು ಎತ್ತಿ, ‘ಅಕ್ಕಾರ, ಅಪ್ಪಣಿ ಇಲ್ಲದ ಹೋಗ್ಲೇನ್ರಿ?’ ಎಂದ. ಎಲ್ಲರೂ ಘೊಳ್ಳನೆ ನಕ್ಕರು. ಅವನು ಕೆಟ್ಟ ಹುಡುಗನೇನಲ್ಲ, ನಗಿಸದೆ ಕೂರಲು ಬಾರದವನು ಅಷ್ಟೇ.

ಶಾಂಭವಿಗೆ ಸಭೆ ಕೈ ತಪ್ಪುವುದೆಂದರೆ ಆಗದು. ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು. ದನಿ ಇಳಿಸಿದಳು.

‘ನನಗೊಬ್ಬಾಕಿ ಹುಡುಗಿ ಗೊತ್ತು’ ಎಂದಳು. ‘ಹೆಸರು ಹೇಳಂಗಿಲ್ಲ.’

ಇಲ್ಲ, ಇಲ್ಲ, ಬೇರೆ ಯಾರದೋ ಇರಬೇಕು, ಅಕ್ಕ ಹಾಗೆ ಮಾಡುವವಳಲ್ಲ ಎಂದುಕೊಂಡಳು ಪೂಜಿತಾ. ಪಾಪ, ಇನ್ನೂ ನಂಬಿಕೊಂಡೇ ನಿಂತಿದ್ದಳು.

‘ನಾಳೆ ನಿಮ್ಮಾಗ ಅರ್ಧ ಮಂದಿ ಹೋಗ್ತೀರಲ್ಲ, ಅದೇ ಊರು, ಅದೇ ಸಾಲಿ. ಮೂರನೇ ಕ್ಲಾಸಿನ ಕೂಸು...’

ಒಂದನ್ನೂ ಬಿಡಲಿಲ್ಲ ಶಾಂಭವಿ. ಕಿರುಬೆರಳು ಹೇಳಿದಳು, ‘ತಡಿ’ ಅಂದದ್ದನ್ನು ಹೇಳಿದಳು, ಕೊನೆಯವಳಾಗಿ ನಿಂತದ್ದನ್ನು, ಕಾಲಿನ ಮೇಲೆ ಇಳಿದದ್ದನ್ನು ಹೇಳಿದಳು. ಕೋಣೆ ಗಪ್‌ಚಿಪ್ಪಾಯಿತು. ಆಕಳಿಸುತ್ತಿದ್ದವರೆಲ್ಲ ಮುಂದಕ್ಕೆ ಬಾಗಿ ಕೂತರು. ಕೊನೆಗೆ, ‘ಆ ಕೂಸಿಗೆ ಊರಾಗ ಏನಂತ ಹೆಸರಿಟ್ರು ಗೊತ್ತೇನು? ತೂಬು!’ ಎಂದಳು. ಎಲ್ಲೋ ಒಬ್ಬ ಕಿಸಕ್ಕನೆ ನಕ್ಕ, ಪಕ್ಕದವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಮತ್ತೆ ಎಲ್ಲರೂ ನಾಚಿಕೊಂಡು ಸುಮ್ಮನಾದರು. ಶಾಂಭವಿಯ ಮುಖದಲ್ಲಿ ಗೆದ್ದ ಕಳೆ ಇತ್ತು. ಪೂಜಿತಾ ಹಿಂದಿನ ಗೋಡೆಗೆ ಅಂಟಿಕೊಂಡು ನಿಂತಿದ್ದಳು, ಅಲುಗದೆ, ಅವತ್ತು ನಿಂತ ಹಾಗೆಯೇ.

ಅಷ್ಟರಲ್ಲಿ ಚನ್ನಬಸವರಾಜ ಸರ್ ಬಂದರು. ಏನು ನಡೆದಿದೆಯೆಂದು ಅವರಿಗೇನು ಗೊತ್ತು? ನಗುನಗುತ್ತ, ‘ಒಂದು ಸಂತೋಷದ ವಿಷಯ. ನಾಳೆ ದೇಶನೂರಿನ ಸೆಷನ್ ನಡೆಸೋರು ಅದೇ ಊರಿನ ಮಗಳು, ಅದೇ ಶಾಲೇಲಿ ಕಲಿತಾಕಿ. ಪೂಜಿತಾ, ಮುಂದೆ ಬಾಮ್ಮಾ’ ಎಂದರು.

ಇಡೀ ಕೋಣೆ ಹಿಂದಕ್ಕೆ ತಿರುಗಿತು.

ಅವಳು ಮುಂದೆ ಹೋದಳು. ಹೋಗದೆ ಏನು ಮಾಡುವುದು? ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು, ಅಯ್ಯೋ ಪಾಪ ಎನ್ನುವ ಚಪ್ಪಾಳೆ. ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು, ಆ ಚಪ್ಪಾಳೆ ತಡೆಯಲಾಗಲಿಲ್ಲ.

ಸಭೆ ಮುಗಿದ ಮೇಲೆ ವರಾಂಡದಲ್ಲಿ ಶಾಂಭವಿ ಓಡಿ ಬಂದು ಕೈ ಹಿಡಿದಳು. ‘ಪೂಜಿ, ಸರ್ ಹಂಗ ಬಂದು ಹೇಳ್ತಾರಂತ ನನಗೇನು ಗೊತ್ತಲೇ? ನಾ ನಿನ್ನ ಹೆಸರು ತಗೊಂಡಿಲ್ಲ.’

‘ಊರು ಹೇಳಿದೆಲ್ಲಾ.’

‘ಹೇಳಲಿಲ್ಲಂದ್ರ ಅವ್ರಿಗೆ ತಟ್ತಿರಲಿಲ್ಲ. ನೋಡಿದೆಲ್ಲಾ, ಹೆಂಗ ನಗ್ತಿದ್ರು? ಈಗ ಆ ಮಾತನ್ನ ಒಬ್ರೂ ಮರಿಯಂಗಿಲ್ಲ. ಎಷ್ಟು ಕೂಸುಗಳಿಗೆ ಒಳ್ಳೇದಾತು ಯೋಚನೆ ಮಾಡು.’

‘ತೂಬು ಅನ್ನೋದನ್ನೂ ಹೇಳಬೇಕಿತ್ತೇನಕ್ಕಾ?’ ಎಂದಷ್ಟೇ ಕೇಳಿದಳು ಪೂಜಿತಾ.

ಶಾಂಭವಿ ಆಚೆ ಈಚೆ ನೋಡಿದಳು. ‘ಮಾತಿನ ಭರದಾಗ ಬಂದುಬಿಡ್ತು’ ಎಂದಳು. ಮತ್ತೆ ಮೆಲ್ಲಗೆ, ‘ನಿನಗ ತ್ರಾಸಾಗೂದಾದ್ರ ನಾಳೆ ನೀ ಕುರುಗೋಡಿನ ತಂಡಕ್ಕ ಹೋಗು. ಸರ್‌ಗೆ ನಾ ಹೇಳ್ತೀನಿ. ದೇಶನೂರು ನಾ ನಡಸ್ತೀನಿ’ ಎಂದಳು.

ನೋಡಿದಿರಾ! ಕತೆಯನ್ನು ಕಿತ್ತುಕೊಂಡದ್ದು ಸಾಲದು, ಊರನ್ನೂ ಕಿತ್ತುಕೊಳ್ಳಲು ಬಂದಳು, ಅದೂ ಉಪಕಾರ ಮಾಡುವವಳ ಹಾಗೆ. ಪೂಜಿತಾ ಕೈ ಬಿಡಿಸಿಕೊಂಡಳು. ‘ನಮ್ಮೂರಿಗೆ ನಾನ ಹೋಗ್ತೀನಿ’ ಎಂದಳು. ಹಾಸ್ಟೆಲಿಗೆ ಹೋಗಿ ಮುಖಕ್ಕೆ ದುಪಟ್ಟಾ ಒತ್ತಿಕೊಂಡು ಸಾಕಾಗುವಷ್ಟು ಅತ್ತಳು.

ಭಾನುವಾರ ಬೆಳಗ್ಗೆ ಸಿರುಗುಪ್ಪದವರೆಗೆ ಬಸ್ಸು, ಅಲ್ಲಿಂದ ಎರಡು ಆಟೋ. ಚನ್ನಬಸವರಾಜ ಸರ್ ಕುರುಗೋಡಿನ ತಂಡದ ಜೊತೆ ಹೋಗಿದ್ದರು, ದೇಶನೂರಿನ ತಂಡದ ಜೊತೆ ಶಾಂಭವಿ ಬಂದಿದ್ದಳು. ದಾರಿಯುದ್ದಕ್ಕೂ ಎಲ್ಲರೂ ಪೂಜಿತಾಳ ಜೊತೆ ಅತಿಯಾಗಿ ಒಳ್ಳೆಯವರಾಗಿದ್ದರು. ನೀರು ಬೇಕೇನು, ಕಿಟಕಿ ಪಕ್ಕ ಕೂರ್ತೀ ಏನು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾಲುವೆ ತುಂಬಿ ಹರಿಯುತ್ತಿತ್ತು, ಕೆಸರುಗದ್ದೆಗಳಲ್ಲಿ ಹೆಂಗಸರು ಬಾಗಿ ನಾಟಿ ಹಾಕುತ್ತಿದ್ದರು.

ಶಾಲೆಯ ಕರಿಬಸವ ಮಾಸ್ತರರು ಗೇಟು ತೆರೆದು, ‘ಬರ್ರಿ ಬರ್ರಿ. ಏನವಾ ಪೂಜಿತಾ, ಟೀಚರಾಗೇ ಬಂದೆಲ್ಲಾ!’ ಎಂದು ನಕ್ಕರು. ಶೌಚಾಲಯದ ಬೀಗ ತೆಗೆಸಿ, ಬಕೆಟ್ಟಿನಲ್ಲಿ ನೀರು ತುಂಬಿಸಿದ್ದರು. ಬೇವಿನ ಮರದ ನೆರಳಲ್ಲಿ ಪೂಜಿತಾ ಕಸ ಗುಡಿಸಿ ಸೀಮೆಸುಣ್ಣದಲ್ಲಿ ದೊಡ್ಡ ಸುತ್ತು ಬರೆದಳು. ಗೊಂಬೆಯಾಗಿ ನಿಂತ ಜಾಗ ಅಲ್ಲೇ ಎಲ್ಲೋ ಇತ್ತು. ಅವಳು ಅದನ್ನು ಹುಡುಕಲಿಲ್ಲ.

ಮಕ್ಕಳು ಬಂದರು, ಬೇಕಾದಷ್ಟು ಬಂದರು. ದೊಡ್ಡವರು ಚಿಕ್ಕವರನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬಂದರು. ಪೂಜಿತಾ ಮೊದಲು ಎಲ್ಲರನ್ನೂ ಶೌಚಾಲಯದವರೆಗೆ ರೈಲು ಮಾಡಿಸಿ ಕರೆದೊಯ್ದಳು. ‘ಯಾರಿಗಾರ ಬಂದ್ರ ಯಾರನ್ನೂ ಕೇಳಬ್ಯಾಡ್ರಿ. ಗೆಳತಿ ಕೈ ಹಿಡ್ಕೊಂಡು ಎದ್ದು ಹೋಗೂದು, ಬಂದು ಕೂಡೂದು. ತಿಳೀತಾ?’ ಎಂದಳು. ‘ಹೂಂ ರೀ ಅಕ್ಕಾರ!’ ಎಂದು ಕೂಗಿದವು. ಆಮೇಲೆ ಹೆಸರಿನ ಆಟ. ಹೆಸರು ಹೇಳಿ ಒಂದು ಕುಣಿತ ಕುಣಿಯಬೇಕು, ಎಲ್ಲರೂ ಅದೇ ಕುಣಿಯಬೇಕು. ಯಾರೂ ಔಟಿಲ್ಲ. ಗೇಟಿನ ಹೊರಗೆ ಹನುಮಮ್ಮ ಗುಂಪಿನ ಹೆಂಗಸರ ಜೊತೆ ನಿಂತಿದ್ದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮಗಳು ಕುಣಿಯುವುದನ್ನು ನೋಡಿ ಪಕ್ಕದವಳ ತೋಳು ತಿವಿದಳು. ಒಂದಿಷ್ಟು ಹೊತ್ತು ಪೂಜಿತಾಗೆ ನಿನ್ನೆಯದೆಲ್ಲ ಮರೆತೇಹೋಗಿತ್ತು.

ಓಡುವ ಆಟ ಮುಗಿದಾಗ ಮಕ್ಕಳು ಕೈಗೆ ಸಿಗದಾದರು. ಹಾಗಾಗುತ್ತದೆಂದು ಸೂಚನೆಗಳಲ್ಲೂ ಬರೆದಿತ್ತು: ಕಿರುಚಬೇಡಿ, ಮೊದಲೇ ಕಲಿಸಿದ ಚಪ್ಪಾಳೆಯ ತಾಳ ಹಾಕಿ, ಒಬ್ಬೊಬ್ಬರಾಗಿ ಸೇರಿಕೊಂಡು ಸುಮ್ಮನಾಗುತ್ತಾರೆ. ಪೂಜಿತಾ ತಾಳ ಹಾಕಿದಳು. ಹತ್ತಿರದ ಮಕ್ಕಳು ಸೇರಿಕೊಂಡರು. ಇನ್ನೊಂದು ಚೂರು ತಾಳ್ಮೆ ಬೇಕಿತ್ತು, ಅಷ್ಟೇ. ಗವಿಸಿದ್ದೇಶನಿಗೆ ಅದೆಲ್ಲಿ ಬರಬೇಕು? ಮರದ ಕಟ್ಟೆ ಹತ್ತಿ ಎರಡೂ ಕೈ ಮೇಲೆತ್ತಿ ಗಟ್ಟಿಯಾಗಿ ಕೂಗಿಬಿಟ್ಟ:

‘ತೂಬು ಮುಚ್ರಲೇ!’

ಮಕ್ಕಳು ಗಕ್ಕನೆ ನಿಂತವು. ಮತ್ತೆ ಕೇಕೆ ಹಾಕಿ ನಕ್ಕವು. ಕಾಲುವೆ ಊರಿನ ಮಕ್ಕಳಿಗೆ ಅದಕ್ಕಿಂತ ಮಜಾ ಇನ್ನೊಂದು ಯಾವುದು! ‘ತೂಬು ತಗೀರಿ!’ ಎಂದು ಒಬ್ಬ ಕಿರುಚಿದ, ಎಲ್ಲರೂ ಗಲಾಟೆ ಮಾಡಿದರು. ‘ತೂಬು ಮುಚ್ರಿ!’ ಎಂದರೆ ಬಾಯಿ ಮುಚ್ಚಿದರು. ತೆಗಿ, ಮುಚ್ಚು, ತೆಗಿ, ಮುಚ್ಚು. ಗವಿಸಿದ್ದೇಶ ತನ್ನ ಬಾಯಿಂದ ಬಿದ್ದದ್ದು ಏನೆಂದು ಆಗಲೇ ಅರಿತು ನಾಲಿಗೆ ಕಚ್ಚಿಕೊಂಡಿದ್ದ. ಅಷ್ಟು ಹೊತ್ತಿಗೆ ಅದು ಅವನ ಕೈಲಿರಲಿಲ್ಲ.

ಗೇಟಿನ ಹೊರಗೆ ಒಬ್ಬ ಹೆಂಗಸು ಪಕ್ಕನೆ ನಕ್ಕಳು. ‘ಏ ಹನುಮಮ್ಮ, ನಿನ್ನ ಮಗಳ ಹೆಸರು ಬಳ್ಳಾರಿ ಮಟ ಹೋಗೈತಲ್ಲೇ!’

ಹನುಮಮ್ಮನ ಮುಖದಿಂದ ನಗು ಆರಿಹೋದದ್ದನ್ನು ಪೂಜಿತಾ ಅಂಗಳದ ನಡುವೆ ನಿಂತು ನೋಡಿದಳು. ಓಡಿಹೋಗಿಬಿಡಲೇ ಅನ್ನಿಸಿತು. ಆದರೆ ಸುತ್ತಲೂ ಮಕ್ಕಳು, ಅವರಿಗೇನು ಗೊತ್ತು? ಅವಳು ಒಂದೂ ಮಾತಾಡದೆ ನೆಲದ ಮೇಲೆ ಕೂತು, ಬ್ಯಾಗಿನಿಂದ ಹಳೆಯ ಪೇಪರು ತೆಗೆದು, ಮಡಚಿ ದೋಣಿ ಮಾಡತೊಡಗಿದಳು. ಹತ್ತಿರದ ಮಗು ಇಣುಕಿ ನೋಡಿತು. ಇನ್ನೊಂದು ಬಂದು ಕೂತಿತು. ಸ್ವಲ್ಪ ಹೊತ್ತಿಗೆ ಎಲ್ಲರೂ ಸಣ್ಣ ಸಣ್ಣ ಗುಂಪಾಗಿ ಕೂತು ಪೇಪರು ಮಡಚುತ್ತಿದ್ದರು.

ಆಗ ಮೂಲೆಯಲ್ಲಿದ್ದ ಒಂದು ಸಣ್ಣ ಹುಡುಗಿ ಎದ್ದಳು. ಮಡಚುತ್ತಿದ್ದ ದೋಣಿಯನ್ನು ಕೆಳಗಿಟ್ಟು, ಪಕ್ಕದವಳ ಕೈ ಹಿಡಿದುಕೊಂಡು, ಯಾರನ್ನೂ ಕೇಳದೆ ಹೋದಳು. ಬಾಗಿಲಲ್ಲಿ ನಿಂತ ಸ್ವಯಂಸೇವಕಿ ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಲಂಗಕ್ಕೆ ಕೈ ಒರೆಸಿಕೊಳ್ಳುತ್ತ ಬಂದು ಮತ್ತೆ ದೋಣಿ ಹಿಡಿದು ಕೂತಳು. ಯಾರೂ ನೋಡಲಿಲ್ಲ, ಯಾರೂ ನಗಲಿಲ್ಲ. ಪೂಜಿತಾ ಮಾತ್ರ ನೋಡಿದಳು. ಶಾಂಭವಿಯೂ ನೋಡಿದಳು, ಪೂಜಿತಾಳ ಕಡೆ ತಿರುಗಿ ಕಣ್ಣಲ್ಲೇ ‘ನೋಡಿದೆಯಾ?’ ಅಂದಳು. ಪೂಜಿತಾ ಮುಖ ತಿರುಗಿಸಿದಳು.

ಹೊತ್ತಿಗೆ ಸರಿಯಾಗಿ ಮುಗಿಯಿತು. ಮಕ್ಕಳು ದೋಣಿ ಹಿಡಿದು ಕಾಲುವೆ ಕಡೆ ಓಡಲು ನೋಡಿದರೆ, ಕಾಲುವೆಗೆ ಬೇಡ, ಬಕೆಟ್ಟಿನಲ್ಲಿ ತೇಲಿಸಿ ಎಂದು ಪೂಜಿತಾ ತಡೆದಳು. ಮನೆಗೆ ಹೊರಟ ಒಂದು ಮಗು ಗೇಟಿನ ಹತ್ತಿರ ನಿಂತು, ಬಾಯಿ ತುಂಬ ನಗುತ್ತ, ಬಲು ಪ್ರೀತಿಯಿಂದ ಕೂಗಿತು: ‘ತೂಬಕ್ಕಾ, ಮತ್ತ ಬರ್ತೀರೇನ್ರಿ?’

ಆ ಮಗುವಿನದು ಏನು ತಪ್ಪು? ಪೂಜಿತಾ ಕೈ ಬೀಸಿದಳು. ಬರುತ್ತೇನೆ ಎನ್ನಲಿಲ್ಲ.

ಹನುಮಮ್ಮ ಅತಿಥಿಗಳಿಗೆಂದು ಕೊಡ ತುಂಬ ಮಜ್ಜಿಗೆ ಮಾಡಿಕೊಂಡು ಬಂದಿದ್ದಳು. ಮಗಳನ್ನು ಗೋಡೆಯ ಮರೆಗೆ ಕರೆದಳು. ‘ಅವ್ರಿಗೆ ಯಾರು ಹೇಳಿದ್ರು?’

‘ನಾನ ಹೇಳಿದೆ ಯವ್ವ. ಒಬ್ಬಾಕಿಗೆ.’

‘ಯಾಕ ಹೇಳಿದಿ?’

‘ನಮ್ಮಾಕಿ ಅನ್ಕೊಂಡಿದ್ದೆ.’

ಹನುಮಮ್ಮ ಮಗಳ ಮುಖ ನೋಡುತ್ತ ನಿಂತಳು. ಬೈಯುತ್ತಾಳೆಂದುಕೊಂಡಳು ಪೂಜಿತಾ, ಬೈಯಲಿಲ್ಲ. ‘ಆ ಹೆಸರು ಬಿಡಸಾಕ ಎಷ್ಟು ಮಂದಿ ಕೂಡ ಜಗಳಾಡಿದ್ನೆವ್ವಾ ನಾನು’ ಎಂದಳು, ಬಲು ದಣಿದ ದನಿಯಲ್ಲಿ. ಆಮೇಲೆ ಸೆರಗು ಸರಿಮಾಡಿಕೊಂಡು ಹೋಗಿ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಆ ಒಬ್ಬಾಕಿ ಯಾರೆಂದು ಕೇಳಲಿಲ್ಲ. ಶಾಂಭವಿಯ ಲೋಟಕ್ಕೂ ತುಂಬಿಸಿ, ‘ಕುಡೀವಾ, ಬಿಸಿಲಾಗ ಬಂದೀರಿ’ ಎಂದಳು. ಅದನ್ನು ನೋಡಲಾಗದೆ ಪೂಜಿತಾ ಚೆಲ್ಲಾಡಿದ್ದ ಪೇಪರು ಆಯಲು ಹೋದಳು.

ಮಕ್ಕಳು ಹೋದ ಮೇಲೆ ಸ್ವಯಂಸೇವಕರು ಅಲ್ಲೇ ಸುತ್ತು ಕೂತು, ಇವತ್ತು ಕಲಿತದ್ದು ಏನೆಂದು ಒಬ್ಬೊಬ್ಬರೂ ಒಂದೊಂದು ಮಾತು ಹೇಳಬೇಕು. ಅದೂ ಸೂಚನೆಗಳಲ್ಲಿ ಇದ್ದದ್ದೇ. ಗವಿಸಿದ್ದೇಶ ತಲೆ ತಗ್ಗಿಸಿ, ‘ನಾ ಬಾಯಿ ಮುಚ್ಕೊಂಡಿರೂದು ಕಲೀಬೇಕು. ತಪ್ಪಾತು ಪೂಜಿತಾ’ ಎಂದ. ಅವನು ಅಷ್ಟಾದರೂ ಅಂದ. ಶಾಂಭವಿ, ‘ನಾವು ಬರೆದ ಒಂದು ಮಾತಿನಿಂದ ಒಂದು ಪುಟ್ಟ ಹುಡುಗಿ ಇವತ್ತು ಮಾನದಿಂದ ಎದ್ದು ಹೋಗಿ ಬಂದಳು. ನನಗ ಅಷ್ಟು ಸಾಕು’ ಎಂದಳು. ದನಿ ತುಂಬಿ ಬಂದಿತ್ತು. ನಾಲ್ಕಾರು ಜನ ತಲೆದೂಗಿದರು.

ಕೊನೆಗೆ ಪೂಜಿತಾಳ ಸರದಿ ಬಂತು. ಅವಳು ಮಡಿಲಲ್ಲಿದ್ದ ಪೇಪರಿನ ಚೂರುಗಳನ್ನು ಒಟ್ಟು ಮಾಡುತ್ತಿದ್ದಳು. ತಲೆಯೆತ್ತಿದಳು. ದನಿ ಇಳಿಸಿದಳು.

‘ನನಗೊಬ್ಬಾಕಿ ಹುಡುಗಿ ಗೊತ್ತು’ ಎಂದಳು. ‘ಹೆಸರು ಹೇಳಂಗಿಲ್ಲ. ಬ್ರೂಸ್‌ಪೇಟೆಯಾಕಿ.’

ಆ ಸುತ್ತಿನಲ್ಲಿ ಬ್ರೂಸ್‌ಪೇಟೆಯವಳು ಒಬ್ಬಳೇ. ಎಲ್ಲರ ಕಣ್ಣೂ ಅತ್ತ ತಿರುಗಿದವು. ಶಾಂಭವಿಯ ಮುಖದ ರಕ್ತವೆಲ್ಲ ಬಸಿದುಹೋಯಿತು. ಲೋಟ ವಾಲಿ ಮಜ್ಜಿಗೆ ಚೂಡಿದಾರದ ಮೇಲೆ ಚೆಲ್ಲಿತು. ಬೇಡ ಎನ್ನುವಂತೆ ತಲೆಯಾಡಿಸಿದಳು. ಮುಂದಿನ ಮಾತು ಪೂಜಿತಾಳ ನಾಲಿಗೆಯ ತುದಿಯಲ್ಲಿತ್ತು. ಒಂದೇ ಮಾತು ಸಾಕಿತ್ತು. ಹೇಳಬೇಕೆಂಬ ಆಸೆ ಅವಳಿಗೆ ಇರಲಿಲ್ಲವೆಂದರೆ ಸುಳ್ಳಾದೀತು, ಹಲ್ಲು ಕಚ್ಚಿ ಹಿಡಿಯುವಷ್ಟು ಆಸೆ ಇತ್ತು.

‘ಆಕಿ ನನ್ನ ನಂಬಿ ಒಂದು ಮಾತು ಹೇಳ್ಯಾಳ’ ಎಂದಳು. ಸ್ವಲ್ಪ ತಡೆದಳು. ‘ಅದು ನನ್ನಲ್ಲೇ ಇರ್ತೈತಿ. ಇವತ್ತು ನಾ ಕಲ್ತಿದ್ದು ಇಷ್ಟ.’

ಗೇಟಿನ ಆಚೆ ಮಕ್ಕಳು ಓಣಿಯುದ್ದಕ್ಕೂ ತೂಬು ತೆಗೆದು ಮುಚ್ಚುತ್ತಿದ್ದ ಕೂಗು ಕೇಳಿಸುತ್ತಿತ್ತು.

ಸಿರುಗುಪ್ಪದಲ್ಲಿ ಬಳ್ಳಾರಿ ಬಸ್ಸು ಹತ್ತಿದಾಗ ಶಾಂಭವಿ ಎಂದಿನಂತೆ ಪಕ್ಕದ ಸೀಟಿನ ಮೇಲೆ ದುಪಟ್ಟಾ ಹಾಕಿ ಜಾಗ ಹಿಡಿದಿದ್ದಳು. ಪೂಜಿತಾ ಬಂದಾಗ ಅವಳ ಕೈ ಹಿಡಿದುಕೊಂಡು ಪಿಸುಗುಟ್ಟಿದಳು: ‘ಪೂಜಿ, ನೀ ಹೇಳಿಬಿಡ್ತಿ ಅನ್ಕೊಂಡಿದ್ದೆ.’

ಪೂಜಿತಾ ಮೆಲ್ಲಗೆ ಕೈ ಬಿಡಿಸಿಕೊಂಡಳು.

‘ನೀವು ಹೇಳಂಗಿಲ್ಲ ಅಂತ ನಾ ಅನ್ಕೊಂಡಿದ್ದೆ ಅಕ್ಕಾರ’ ಎಂದಳು. ಹಿಂದೆ ಹೋಗಿ, ಗೊತ್ತಿಲ್ಲದ ಹೆಂಗಸೊಬ್ಬಳ ಪಕ್ಕದಲ್ಲಿ ಕೂತಳು.